ಸಂಬಳ ಏರಿತೆಂದು ಹಿಗ್ಗುವ ಮುಂಚೆ

2025ರ ಮೇ ತಿಂಗಳಲ್ಲಿ ಕೊರಟಗೆರೆಯಿಂದ ನನ್ನ ತಮ್ಮನ ಮಗಳು ಮಧುಗಿರಿಗೆ ಬಂದಳು. ಚಪ್ಪಲಿ ಬಿಡುವ ಮುಂಚೆಯೇ ಸುದ್ದಿ ಹೇಳಿದಳು. "ಅತ್ತೆ, ಇವರಿಗೆ ಶೇಕಡ ಎಂಟು ಏರಿಸಿದಾರೆ. ಕೈಗೆ ಇಪ್ಪತ್ತಾರು ಸಾವಿರ ಬರ್ತಿತ್ತು, ಈಗ ಇಪ್ಪತ್ತೆಂಟು ಸಾವಿರದ ಎಂಬತ್ತು. ತಿಂಗಳಿಗೆ ಎರಡು ಸಾವಿರದ ಚಿನ್ನದ ಚೀಟಿ ಒಂದು ಹಾಕೋಣ ಅಂತಿದೀನಿ." ನಾನು ಕಾಫಿ ಕೊಟ್ಟು ಕೇಳಿದ್ದು ಒಂದೇ ಮಾತು: "ಹೋದ ವರ್ಷ ಇಷ್ಟೇ ಸಾಮಾನಿಗೆ ಎಷ್ಟು ಕೊಟ್ಟಿದ್ದೆ, ಈ ವರ್ಷ ಎಷ್ಟು ಕೊಡ್ತಿದೀಯ?" ಅವಳು ಸುಮ್ಮನಾದಳು.

ನೀವೂ ಸುಮ್ಮನಾಗುತ್ತೀರಿ, ನನಗೆ ಗೊತ್ತು. ಏರಿಕೆಯ ಪತ್ರ ಕೈಗೆ ಬಂದ ದಿನವೇ ಸ್ವೀಟ್ ಹಂಚುತ್ತೀರಿ, ಮರುದಿನ ಹೊಸ ಕಂತಿಗೆ ಸಹಿ ಹಾಕುತ್ತೀರಿ. ನಾನೂ ಮೇಷ್ಟ್ರ ಕೆಲಸದಲ್ಲಿದ್ದಾಗ ಒಂದು ವೇತನ ಆಯೋಗದ ಸುದ್ದಿ ಕೇಳಿ ಹೀಗೇ ಚೀಟಿ ಕಟ್ಟಲು ಹೋಗಿ, ನಾಲ್ಕನೇ ತಿಂಗಳಿಗೆ ಕೈಸಾಲ ಮಾಡಿದವಳೇ. ದೂರದ ಬೆಟ್ಟ ನುಣ್ಣಗೆ ಎನ್ನುವುದನ್ನು ನಮ್ಮ ಮಧುಗಿರಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಶೇಕಡಾವಾರು ಏರಿಕೆಯೂ ಅಂಥದೇ ಬೆಟ್ಟ, ಹತ್ತಿದವರಿಗಷ್ಟೇ ಅದರ ಜಾರು ಗೊತ್ತು. ಆದ್ದರಿಂದ ಕೂತು ಕೇಳಿ. ಒಂದು ನೋಟ್‌ಬುಕ್, ಒಂದು ಪೆನ್ನು ಇದ್ದರೆ ಸಾಕು.

ಮೊದಲನೆಯದು, ಲೆಕ್ಕ ಮಾಡುವ ಬಗೆ. ಇದಕ್ಕೆ ಶಿರಾ ಕಡೆ ಬದು ಹಾಕುವ, ಕೃಷಿಹೊಂಡ ತೋಡುವ ಕೂಲಿಯವರ ದಿನಗೂಲಿಯನ್ನೇ ತೆಗೆದುಕೊಳ್ಳೋಣ. ಉದ್ಯೋಗ ಖಾತ್ರಿಯ ಕೂಲಿ ರಾಜ್ಯಕ್ಕೆಲ್ಲ ಒಂದೇ ಇತ್ತು, ಏಪ್ರಿಲ್ ಒಂದಕ್ಕೆ ಬದಲಾದರೆ ಮುಂದಿನ ಮಾರ್ಚ್‌ವರೆಗೂ ಅದೇ ಇರುತ್ತಿತ್ತು. ಕರ್ನಾಟಕದಲ್ಲಿ 2022-23ರಲ್ಲಿ ದಿನಕ್ಕೆ ₹309 ಇತ್ತು, 2023-24ರಲ್ಲಿ ₹316 ಆಯಿತು. ಏಳು ರೂಪಾಯಿ ಏರಿತು, ನಿಜ. ಆದರೆ ಆ ವರ್ಷ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಸರಾಸರಿ ಶೇ. 5.4ರಷ್ಟು ಏರಿತ್ತು.

ಈಗ ಮಾಡಬೇಕಾದ್ದು ಇಷ್ಟೇ. ಹಳೆಯ ಕೂಲಿಯನ್ನು ಬೆಲೆ ಏರಿದಷ್ಟೇ ಏರಿಸಿ ನೋಡಿ. 309ನ್ನು 105.4ರಿಂದ ಗುಣಿಸಿ 100ರಿಂದ ಭಾಗಿಸಿ, ಹತ್ತಿರ ಹತ್ತಿರ ₹326 ಬರುತ್ತದೆ. ಹಿಂದಿನ ವರ್ಷ ಕೊಂಡಷ್ಟನ್ನೇ ಕೊಳ್ಳಲು ₹326 ಬೇಕಿತ್ತು, ಸಿಕ್ಕಿದ್ದು ₹316. ಕಾಗದದ ಮೇಲೆ ಏಳು ರೂಪಾಯಿ ಏರಿಕೆ, ಸಂತೆಯಲ್ಲಿ ದಿನಕ್ಕೆ ಹತ್ತು ರೂಪಾಯಿ ಇಳಿಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಈ ₹326ನ್ನು ನಾನು 'ನಿಂತಲ್ಲೇ ನಿಲ್ಲುವ ಸಂಬಳ' ಎನ್ನುತ್ತೇನೆ. ನಿಮ್ಮ ಹೊಸ ಸಂಬಳ ಅದಕ್ಕಿಂತ ಮೇಲಿದ್ದರೆ ಮಾತ್ರ ಅದನ್ನು ಏರಿಕೆ ಎನ್ನಿ.

ಇನ್ನೊಂದು ತಪ್ಪು ಮಾಡಬೇಡಿ. ಒಂದು ವರ್ಷ ಜೋರಾಗಿ ಏರಿದರೆ ಹಿಂದಿನ ಬರಗಾಲವನ್ನೆಲ್ಲ ಮರೆತುಬಿಡುತ್ತೀರಿ. ಅದೇ ಕೂಲಿ 2024-25ರಲ್ಲಿ ₹349 ಆಯಿತು, ಒಮ್ಮೆಗೇ ಶೇ. 10ಕ್ಕಿಂತ ಹೆಚ್ಚು. ಕೇಳಲು ಸೊಗಸು. ಆದರೆ 2018-19ರಲ್ಲಿ ಕೂಲಿ ₹249 ಇತ್ತು, 2019-20ರಲ್ಲೂ ಅದೇ ₹249. ಒಂದು ಪೈಸೆ ಏರಲಿಲ್ಲ. 2019-20ರಿಂದ 2024-25ರವರೆಗಿನ ಆರು ವರ್ಷದ ಬೆಲೆ ಏರಿಕೆ ವರುಷ ವರುಷಕ್ಕೆ ಶೇ. 4.8, 6.2, 5.5, 6.7, 5.4, 4.6. ಇವನ್ನು ಕೂಡಿಸಿದರೆ 33 ಬರುತ್ತದೆ, ಆದರೆ ಕೂಡಿಸಬಾರದು. ಈ ವರ್ಷದ ಏರಿಕೆ ಹೋದ ವರ್ಷದ ಏರಿದ ಬೆಲೆಯ ಮೇಲೆ ಕೂರುತ್ತದೆ, ಬಡ್ಡಿಯ ಮೇಲೆ ಬಡ್ಡಿ ಕೂತಂತೆ. ಒಂದರಿಂದ ಒಂದನ್ನು ಗುಣಿಸುತ್ತ ಹೋದರೆ ಶೇ. 38 ಆಗುತ್ತದೆ. ಹಾಗಾಗಿ ₹249ಕ್ಕೆ ನಿಂತಲ್ಲೇ ನಿಲ್ಲುವ ಕೂಲಿ ₹344. ಸಿಕ್ಕಿದ್ದು ₹349. ನೂರು ರೂಪಾಯಿ ಏರಿದ ಮೇಲೆ ಆರು ವರ್ಷಕ್ಕೆ ನಿಜವಾಗಿ ಉಳಿದದ್ದು ದಿನಕ್ಕೆ ಐದು ರೂಪಾಯಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಿಮ್ಮ ಸಂಬಳವನ್ನೂ ಬರೀ ಹೋದ ವರ್ಷದ ಜೊತೆ ತೂಗಬೇಡಿ. ಕೆಲಸಕ್ಕೆ ಸೇರಿದ ವರ್ಷದ ಸಂಬಳದ ಚೀಟಿ ಎಲ್ಲಿದೆ, ಹುಡುಕಿ ಅದರ ಜೊತೆಗೂ ಒಮ್ಮೆ ತೂಗಿ.

ಎರಡನೆಯದು, ಶೇಕಡ ಎಂದಾಗ ಯಾವುದರ ಶೇಕಡ ಎಂದು ಕೇಳಿ. ನಮ್ಮ ರಾಜ್ಯದ ಏಳನೇ ವೇತನ ಆಯೋಗದ ಕತೆ ಇದಕ್ಕೆ ಒಳ್ಳೆಯ ಪಾಠ. 2024ರ ಜುಲೈಯಲ್ಲಿ ಸರ್ಕಾರ ಒಪ್ಪಿತು, ಆಗಸ್ಟ್ ಒಂದರಿಂದ ಹಣ ಬಂತು. "ನೌಕರರಿಗೆ ಶೇ. 58.5 ಏರಿಕೆ" ಎಂದು ಊರೆಲ್ಲ ಮಾತು. ತಾಲ್ಲೂಕು ಕಚೇರಿಯ ಮುಂದಿನ ಟೀ ಅಂಗಡಿಯಲ್ಲಿ ನಿಂತವರು ಕೂಡ ಸಂಬಳ ಒಂದೂವರೆ ಪಟ್ಟಾಯಿತು ಎಂದುಕೊಂಡರು. ಆಗಿದ್ದೇನು, ಕಡಿಮೆ ಸಂಬಳದ ನೌಕರರ ಲೆಕ್ಕವನ್ನೇ ಬಿಡಿಸೋಣ.

ಅವರ ಮೂಲ ವೇತನ ₹17,000 ಇದ್ದದ್ದು ₹27,000 ಆಯಿತು. ಆದರೆ ಆ 58.5ರಲ್ಲಿ 31 ಹೊಸದಲ್ಲ. 2022ರ ಜುಲೈಯಲ್ಲಿ ಅವರಿಗೆ ಆಗಲೇ ಸಿಗುತ್ತಿದ್ದ ಶೇ. 31 ತುಟ್ಟಿಭತ್ಯೆಯನ್ನು ಮೂಲ ವೇತನದೊಳಗೆ ಸೇರಿಸಿದ್ದು. ಅಳಿಯ ಅಲ್ಲ ಮಗಳ ಗಂಡ. ಹೆಸರು ಬದಲಾಯಿತು, ಮನುಷ್ಯ ಅವನೇ. ನಿಜವಾಗಿ ಹೊಸದು ಶೇ. 27.5. ಅದೂ ₹17,000ದ ಮೇಲೆ, ಅಂದರೆ ₹4,675. ಭತ್ಯೆ ಸೇರಿ ಅವರ ಕೈಯಲ್ಲಿದ್ದ ₹22,270ರ ಮೇಲೆ ಅದನ್ನು ಇಟ್ಟರೆ ಶೇ. 21. ಇದೇನೂ ಕಡಿಮೆಯಲ್ಲ, ಬೈಯುವ ಹಾಗಿಲ್ಲ. ಆದರೆ ಇದರಲ್ಲೂ ದೊಡ್ಡ ಪಾಲು ಮೊದಲೇ ಬಂದಿತ್ತು. 2023ರ ಏಪ್ರಿಲ್‌ನಿಂದ ಮೂಲ ವೇತನದ ಶೇ. 17, ಅಂದರೆ ₹2,890, ಮಧ್ಯಂತರ ಪರಿಹಾರವೆಂದು ಕೊಡುತ್ತಿದ್ದರು. ಹೊಸ ವೇತನ ಬಂದಾಗ ಅದು ಅದರೊಳಗೆ ಕರಗಿತು.

ಈಗ 2024ರ ಜುಲೈ ಮತ್ತು ಆಗಸ್ಟ್ ತಿಂಗಳ ಸಂಬಳದ ಚೀಟಿಗಳನ್ನು ಅಕ್ಕಪಕ್ಕ ಇಡಿ. ಮನೆಬಾಡಿಗೆ ಭತ್ಯೆಯನ್ನು ಬದಿಗಿಟ್ಟರೆ, ಜುಲೈಯಲ್ಲಿ ಮೂಲ ವೇತನ ₹17,000, ಶೇ. 42.5 ತುಟ್ಟಿಭತ್ಯೆ ₹7,225, ಮಧ್ಯಂತರ ಪರಿಹಾರ ₹2,890. ಒಟ್ಟು ₹27,115. ಆಗಸ್ಟ್‌ನಲ್ಲಿ ಮೂಲ ವೇತನ ₹27,000, ಶೇ. 8.5 ತುಟ್ಟಿಭತ್ಯೆ ₹2,295. ಒಟ್ಟು ₹29,295. ಹೆಚ್ಚಾದದ್ದು ₹2,180, ಶೇ. 8. ಊರಿನ ಬಾಯಲ್ಲಿ 58, ಚೀಟಿಯಲ್ಲಿ 8. ಪಿಂಚಣಿಗೆ ಕಡಿತ ಇರುವವರಿಗೆ ಮೂಲ ವೇತನ ಏರಿದಂತೆ ಕಡಿತವೂ ಏರುವುದರಿಂದ ಕೈಗೆ ಬಂದದ್ದು ಇನ್ನೂ ಸ್ವಲ್ಪ ಕಡಿಮೆ.

ಖಾಸಗಿ ಕೆಲಸದವರು ಇದು ನಮಗಲ್ಲ ಎಂದು ಎದ್ದು ಹೋಗಬೇಡಿ. ನಿಮಗೂ ಹೀಗೇ ಆಗುತ್ತದೆ. 'ವರ್ಷದ ಒಟ್ಟು ವೆಚ್ಚ' ಎಂದು ಕಾಗದದಲ್ಲಿ ದೊಡ್ಡ ಅಂಕಿ ಬರೆದು, ಅದರಲ್ಲಿ ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲು, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿಸಿ, ಅದರ ಮೇಲೆ ಶೇಕಡ ಹೇಳುತ್ತಾರೆ. ನೀವು ನೋಡಬೇಕಾದ್ದು ಬ್ಯಾಂಕಿಗೆ ಬಿದ್ದ ಹಣ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಒಂದು ಮಾತು ನೆನಪಿಡಿ: ಸರ್ಕಾರಿ ನೌಕರರಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ನಿಮಗೆ ತುಟ್ಟಿಭತ್ಯೆ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬರುವ ಏರಿಕೆಯೇ ಭತ್ಯೆಯೂ ಹೌದು, ಬಡ್ತಿಯೂ ಹೌದು. ಅದರಲ್ಲಿ ಭತ್ಯೆ ಎಷ್ಟು, ಬಡ್ತಿ ಎಷ್ಟು ಎಂದು ಬಿಡಿಸಿಕೊಳ್ಳುವುದು ನಿಮ್ಮದೇ ಕೆಲಸ.

ಮೂರನೆಯದು, ಯಾರ ಮನೆಯ ಬೆಲೆ ಏರಿಕೆ ಎಂದು ನೋಡಿ. ಸರ್ಕಾರ ಹೇಳುವ ಅಂಕಿ ದೇಶದ ಸರಾಸರಿ. ನಾನು ಮೇಲೆ ಕೊಟ್ಟ ಅಂಕಿಗಳು 2012ನ್ನು ಆಧಾರವಾಗಿಟ್ಟುಕೊಂಡ ಸೂಚ್ಯಂಕದವು. ಅದರಲ್ಲಿ ಹಳ್ಳಿಯವರ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಊಟ ತಿಂಡಿಗೆ ಎಂದು ಹಿಡಿದಿದ್ದರು, ಪಟ್ಟಣದವರಿಗೆ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಹಳ್ಳಿಗಳ ಸೂಚ್ಯಂಕದಲ್ಲಿ ಮನೆಬಾಡಿಗೆಯೇ ಇರಲಿಲ್ಲ. ನೀವು ಹೊಲದ ರಾಗಿ ತಿಂದು ಸ್ವಂತ ಮನೆಯಲ್ಲಿರುವವರೋ, ಪೇಟೆಯಲ್ಲಿ ಬಾಡಿಗೆ ಕಟ್ಟಿ ಅಂಗಡಿಯ ಅಕ್ಕಿ ತರುವವರೋ ಎನ್ನುವುದರ ಮೇಲೆ ನಿಮ್ಮ ಬೆಲೆ ಏರಿಕೆ ಬೇರೆಯೇ ಆಗುತ್ತದೆ. ಅಷ್ಟೇಕೆ, ಒಂದೇ ಮನೆಯೊಳಗೂ ಬೇರೆ. 2025ರ ಜನವರಿಯಲ್ಲಿ ಸಾರಿಗೆ ಬಸ್ ದರ ಶೇ. 15 ಏರಿತು. ನನ್ನ ತಮ್ಮನ ಮಗಳಿಗೆ ಅದು ತಟ್ಟಲೇ ಇಲ್ಲ, ಶಕ್ತಿ ಯೋಜನೆಯಲ್ಲಿ ಅವಳದು ಉಚಿತ ಪ್ರಯಾಣ. ದಿನಾ ತುಮಕೂರಿಗೆ ಹೋಗಿಬರುವ ಅಳಿಯಂದಿರಿಗೆ ಪೂರ್ತಿ ತಟ್ಟಿತು.

ಆದ್ದರಿಂದ ಅವಳನ್ನು ಕೂರಿಸಿ ಅವಳ ಮನೆಯ ಪಟ್ಟಿಯನ್ನೇ ಬರೆಸಿದೆ. 2024ರ ಏಪ್ರಿಲ್ ಒಂದು ಕಡೆ, 2025ರ ಏಪ್ರಿಲ್ ಇನ್ನೊಂದು ಕಡೆ. ಮನೆಬಾಡಿಗೆ ₹5,000 ಇದ್ದದ್ದು ₹5,500. ದಿನಸಿ, ತರಕಾರಿ, ಎಣ್ಣೆ ₹8,000 ಇದ್ದದ್ದು ₹8,320. ದಿನಕ್ಕೊಂದು ಲೀಟರ್ ಹಾಲು ₹1,260 ಇದ್ದದ್ದು ₹1,380. ಬಸ್ಸು ₹2,000 ಇದ್ದದ್ದು ₹2,300. ಮಗುವಿನ ಶಾಲೆ ಮತ್ತು ವ್ಯಾನು ತಿಂಗಳ ಲೆಕ್ಕದಲ್ಲಿ ₹3,000 ಇದ್ದದ್ದು ₹3,400. ಗ್ಯಾಸು, ಫೋನು, ಔಷಧಿ, ಮಿಕ್ಕಿದ್ದು ₹2,000 ಇದ್ದದ್ದು ₹2,100. ಸಂಘದ ಸಾಲದ ಕಂತು ಮಾತ್ರ ಆಗಲೂ ₹4,000, ಈಗಲೂ ₹4,000. ಕೂಡಿಸಿದಾಗ ಹೋದ ವರ್ಷ ₹25,260, ಈ ವರ್ಷ ₹27,000. ಅವಳ ಮನೆಯ ಬೆಲೆ ಏರಿಕೆ ಶೇ. 6.9.

ಆ ವರ್ಷದ ದೇಶದ ಸರಾಸರಿ ಶೇ. 4.6. ಅದನ್ನೇ ನಂಬಿದ್ದರೆ ಅಳಿಯಂದಿರ ನಿಂತಲ್ಲೇ ನಿಲ್ಲುವ ಸಂಬಳ ₹27,196, ಉಳಿಕೆ ತಿಂಗಳಿಗೆ ₹884 ಎಂದು ಲೆಕ್ಕ ಬರುತ್ತಿತ್ತು. ಮನೆಯ ಪಟ್ಟಿ ಬೇರೆ ಹೇಳಿತು. ಸಂಬಳ ಏರಿದ್ದು ₹2,080, ಖರ್ಚು ಏರಿದ್ದು ₹1,740, ಉಳಿದದ್ದು ₹340. ಶೇಕಡ ಎಂಟರಲ್ಲಿ ಏಳನ್ನು ಬೆಲೆಯೇ ತಿಂದು, ಇವರಿಗೆ ಬಿಟ್ಟದ್ದು ಒಂದು.

ಈ ಪಟ್ಟಿ ಬರೆಯುವಾಗ ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, ಅಳತೆ. ಪ್ಯಾಕೆಟ್ಟಿನ ಬೆಲೆ ನೋಡುತ್ತೀರಿ, ಒಳಗೆಷ್ಟಿದೆ ನೋಡುವುದಿಲ್ಲ. ನಂದಿನಿ ಹಾಲನ್ನೇ ನೋಡಿ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ ಎರಡು ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ವಾಪಸ್ ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ನೀಲಿ ಪ್ಯಾಕೆಟ್ಟಿನ ಹಾಲು ಲೀಟರಿಗೆ ₹42 ಇದ್ದದ್ದು ₹46. ಪ್ಯಾಕೆಟ್ಟು ಎಂದು ಬರೆದಿದ್ದರೆ ಲೆಕ್ಕ ತಪ್ಪುತ್ತಿತ್ತು, ಲೀಟರು ಎಂದು ಬರೆದದ್ದರಿಂದ ಸರಿಹೋಯಿತು. ಸೋಪು, ಬಿಸ್ಕತ್ತು, ಎಣ್ಣೆ ಎಲ್ಲವನ್ನೂ ತೂಕಕ್ಕೆ, ಅಳತೆಗೆ ಇಳಿಸಿ ಬರೆಯಿರಿ.

ಇನ್ನೊಂದು, ನಿಮ್ಮ ಆಸೆಯನ್ನು ಬೆಲೆಯ ತಲೆಗೆ ಕಟ್ಟಬೇಡಿ. ಹೋದ ವರ್ಷ ಕಡಲೆಕಾಯಿ ಎಣ್ಣೆ ಎರಡು ಲೀಟರ್ ತಂದು ಈ ವರ್ಷ ಮೂರು ತಂದರೆ ಅದು ಬೆಲೆ ಏರಿಕೆಯಲ್ಲ, ನಾಲಗೆಯ ಏರಿಕೆ. ಹೊಸ ಫೋನಿನ ಕಂತು, ಹೊಸದಾಗಿ ಹಾಕಿಸಿದ ಟಿವಿ ಚಾನೆಲ್ಲು ಈ ಪಟ್ಟಿಗೆ ಬರಕೂಡದು. ಅದೇ ಸಾಮಾನು, ಅಷ್ಟೇ ಅಳತೆ, ಅದೇ ಮನೆ. ಇಷ್ಟು ಬಿಗಿ ಇದ್ದರೆ ಮಾತ್ರ ಲೆಕ್ಕ ನಿಮಗೆ ನಿಜ ಹೇಳುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಎಲ್ಲ ಖರ್ಚನ್ನೂ ಬೆಲೆ ಏರಿಕೆಯ ಮೇಲೆ ಹಾಕಿದರೆ ನಿಮಗೇ ಮೋಸ.

ಟಿವಿಯಲ್ಲಿ "ಹಣದುಬ್ಬರ ಇಳಿಯಿತು" ಎಂದಾಗಲೂ ಹುಷಾರು. 2025ರ ಅಕ್ಟೋಬರ್‌ನಲ್ಲಿ ಆ ಅಂಕಿ ಕಾಲು ಶೇಕಡಕ್ಕೆ ಇಳಿದಿತ್ತು. ಅಂದರೆ ಹಿಂದಿನ ಅಕ್ಟೋಬರ್‌ಗಿಂತ ಬೆಲೆಗಳು ಒಟ್ಟಾರೆ ಕಾಲು ಶೇಕಡ ಮಾತ್ರ ಹೆಚ್ಚು ಎಂದರ್ಥ. ಮೂರು ನಾಲ್ಕು ವರ್ಷದಲ್ಲಿ ಏರಿದ್ದು ಕೆಳಗಿಳಿದು ಹಳೆಯ ಜಾಗಕ್ಕೆ ಬಂತೆಂದಲ್ಲ. ಆ ವರ್ಷ ತರಕಾರಿ ಬೆಲೆ ಬಿದ್ದದ್ದೂ ಅದಕ್ಕೊಂದು ದೊಡ್ಡ ಕಾರಣ. ಬಾಡಿಗೆ ಕಟ್ಟುವವರಿಗೆ, ಶಾಲೆಯ ಫೀಸು ಕಟ್ಟುವವರಿಗೆ ಅದರಿಂದ ಸಿಕ್ಕ ನೆಮ್ಮದಿ ಕಡಿಮೆ.

ನಾಲ್ಕನೆಯದು, ಎಷ್ಟು ಏರುತ್ತದೆ ಎನ್ನುವುದರ ಜೊತೆಗೆ ಎಷ್ಟು ದಿನಕ್ಕೊಮ್ಮೆ ಏರುತ್ತದೆ ಎಂದು ಕೇಳಿ. ಇದನ್ನು ಪಾವಗಡದಿಂದ ಕಲಿಯಬೇಕು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಕಡೆ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಜಮೀನನ್ನು ರೈತರು ಮಾರಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬೀಜದ ದುಡ್ಡೂ ಬಾರದ ವರ್ಷಗಳನ್ನು ಕಂಡ ಸೀಮೆ ಅದು. ಬರ ಬಂದರೂ ಬರುವ ಹಣವನ್ನು ಅವರು ಒಪ್ಪಿದ್ದಕ್ಕೆ ನಾನು ತಪ್ಪು ಹೇಳುವುದಿಲ್ಲ. ಏರಿಕೆಯ ಲೆಕ್ಕವನ್ನಷ್ಟೇ ನೋಡೋಣ.

ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಎರಡೂವರೆಗಿಂತ ಒಂದು ಕೂದಲು ಕಡಿಮೆ. ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಗುರಿಯೇ ವರ್ಷಕ್ಕೆ ಶೇ. 4 ಬೆಲೆ ಏರಿಕೆ. ಆ ಗುರಿ ತಪ್ಪದೆ ನಡೆದರೂ ಎರಡು ವರ್ಷಕ್ಕೆ ಬೆಲೆ ಶೇ. 8 ದಾಟುತ್ತದೆ, ಗುತ್ತಿಗೆ ಐದೇ ಏರುತ್ತದೆ. ಒಂಬತ್ತನೇ ವರ್ಷಕ್ಕೆ ಗುತ್ತಿಗೆ ₹25,500 ಮುಟ್ಟಿದಾಗ, ನಿಂತಲ್ಲೇ ನಿಲ್ಲಲು ₹28,700 ಬೇಕು. ಇಪ್ಪತ್ತೇಳನೇ ವರ್ಷಕ್ಕೆ ಕೈಗೆ ಬರುವುದು ₹39,600, ಹತ್ತಿರ ಹತ್ತಿರ ಎರಡರಷ್ಟು. ಆದರೆ ಮೊದಲ ವರ್ಷದ ಬೆಲೆಗೆ ಇಳಿಸಿ ನೋಡಿದರೆ ಅದು ₹14,300ಕ್ಕೆ ಸಮ. ಅಜ್ಜ ₹21,000ಕ್ಕೆ ಕೊಂಡದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನಷ್ಟೇ ಮೊಮ್ಮಗ ಕೊಳ್ಳಬಲ್ಲ. ಪ್ರತಿ ಸಲವೂ ಹಣ ಏರುತ್ತಲೇ ಇರುತ್ತದೆ, ಆದ್ದರಿಂದ ಇಳಿಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೀವು ಅಂಗಡಿ ಬಾಡಿಗೆಗೆ ಕೊಡುತ್ತಿರಬಹುದು, ಮನೆಯ ಮೇಲೆ ಟವರ್ ಹಾಕಿಸಿಕೊಳ್ಳುತ್ತಿರಬಹುದು, ಮೂರು ವರ್ಷದ ಕೆಲಸದ ಕರಾರಿಗೆ ಸಹಿ ಹಾಕುತ್ತಿರಬಹುದು. ಮೊದಲ ವರ್ಷದ ಮೊತ್ತಕ್ಕೆ ಮರುಳಾಗಿ ಏರಿಕೆಯ ಸಾಲನ್ನು ಓದದೆ ಬಿಡಬೇಡಿ. ಎರಡು ವರ್ಷಕ್ಕೊಮ್ಮೆ ಎಂದಿದ್ದರೆ ಎರಡು ವರ್ಷದ ಬೆಲೆ ಏರಿಕೆಯನ್ನು ಪಕ್ಕಕ್ಕಿಟ್ಟು ನೋಡಿ. ಕರಾರು ಉದ್ದವಾದಷ್ಟೂ ಆ ಒಂದು ಸಾಲಿನ ಬೆಲೆ ಹೆಚ್ಚು.

ಕೊರಟಗೆರೆಯ ಮಾತಿಗೆ ವಾಪಸ್ ಬರುತ್ತೇನೆ. ಲೆಕ್ಕ ಮುಗಿದಾಗ ಅವಳ ಮುಖ ಸಪ್ಪಗಾಯಿತು. ಹೋದ ವರ್ಷ ತಿಂಗಳ ಕೊನೆಗೆ ಅವಳ ಕೈಯಲ್ಲಿ ₹740 ಉಳಿಯುತ್ತಿತ್ತು, ಈಗ ₹1,080 ಉಳಿಯುತ್ತದೆ. ಅದರಲ್ಲಿ ಎರಡು ಸಾವಿರದ ಚೀಟಿ ಎಲ್ಲಿಂದ? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೀರಿ, ಆದರೆ ಹಾಸಿಗೆಯನ್ನು ಅಳೆಯುವುದೇ ಇಲ್ಲ. ಏರಿಕೆಯ ಪೂರ್ತಿ ಮೊತ್ತವನ್ನು ನಂಬಿ ಎಂದೂ ಕಂತು ಕಟ್ಟಬೇಡಿ. ಬೆಲೆ ತಿಂದು ಬಿಟ್ಟದ್ದು ಎಷ್ಟೋ ಅಷ್ಟೇ ನಿಮ್ಮದು.

ಆ ಪಟ್ಟಿಯನ್ನು ಹರಿದು ಹಾಕಬೇಡ ಎಂದೂ ಹೇಳಿದೆ. ಮುಂದಿನ ಮಾರ್ಚ್‌ನಲ್ಲಿ ಅಳಿಯಂದಿರು ಮಾಲೀಕರ ಮುಂದೆ ನಿಂತಾಗ "ಸಾಲದು ಸಾರ್" ಎಂದು ಗೊಣಗಿದರೆ ಯಾರೂ ಕೇಳುವುದಿಲ್ಲ. "ಬಸ್ಸಿಗೆ ಇಷ್ಟು, ಬಾಡಿಗೆಗೆ ಇಷ್ಟು, ನಿಂತಲ್ಲೇ ನಿಲ್ಲಲು ಶೇಕಡ ಏಳು ಬೇಕಾಯಿತು, ನನ್ನ ಕೆಲಸಕ್ಕೆಂದು ನೀವು ಕೊಟ್ಟದ್ದು ಒಂದು" ಎಂದರೆ ಮಾಲೀಕರೂ ಒಂದು ಗಳಿಗೆ ಯೋಚಿಸುತ್ತಾರೆ. ಕೊಡುತ್ತಾರೋ ಬಿಡುತ್ತಾರೋ, ಕೇಳುವವರಿಗಾದರೂ ತಾನು ಕೇಳುತ್ತಿರುವುದು ಏನೆಂದು ಗೊತ್ತಿರುತ್ತದೆ.

ಅವಳು ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, "ಅತ್ತೆ, ಮುನ್ನೂರು ರೂಪಾಯಿಯ ಚೀಟಿ ಸಿಗುತ್ತಾ?" ಎಂದಳು. ಅಂಚೆ ಕಚೇರಿಗೆ ಹೋಗು, ಅಲ್ಲಿ ಆರ್‌ಡಿಗೆ ನೂರು ರೂಪಾಯಿಯಿಂದಲೇ ತಗೋತಾರೆ ಎಂದೆ.